ಮಿಸ್ಡ್ ಕಾಲ್ ದೃಢೀಕರಣ

ಹೊಸದೊಂದು ಆ್ಯಪ್‌ನಲ್ಲಿ ಹೆಸರು ನೋಂದಾಯಿಸಲು ಹೊರಟವರು ತಮ್ಮದೆಂದು ಬರೆದುಕೊಟ್ಟ ಸಂಖ್ಯೆಯ ಸಿಮ್ ಆ ಕ್ಷಣದಲ್ಲಿ ಅವರ ಸ್ವಾಧೀನದಲ್ಲಿಯೇ ಇದೆ ಎಂಬುದನ್ನು, ಯಾರೂ ಎತ್ತದೆ ಮುಗಿದುಹೋಗುವ ಒಂದು ಕರೆಯ ಸಾಕ್ಷ್ಯದಿಂದ ನಿಶ್ಚಯಿಸಿಕೊಳ್ಳುವ ವಿಧಾನಕ್ಕೆ ಮಿಸ್ಡ್ ಕಾಲ್ ದೃಢೀಕರಣವೆಂದು ಹೆಸರು. ಎಸ್ಸೆಮ್ಮೆಸ್ ಮೂಲಕ ಬರುವ ಒಟಿಪಿಗೆ ಪರ್ಯಾಯವಾಗಿ ಇದು ಬಳಕೆಗೆ ಬಂದಿತು. ಕರೆ ಹೊರಡುವ ದಿಕ್ಕನ್ನು ಅನುಸರಿಸಿ ಇದರಲ್ಲಿ ಎರಡು ಪ್ರಭೇದಗಳುಂಟು: ಬಳಕೆದಾರನೇ ಸಂಸ್ಥೆಯ ಸಂಖ್ಯೆಗೆ ಮಿಸ್ಡ್ ಕಾಲ್ ಕೊಡುವುದು ಒಂದು, ಸಂಸ್ಥೆಯ ಯಂತ್ರವೇ ಬಳಕೆದಾರನ ಫೋನಿಗೆ ಕ್ಷಣಮಾತ್ರ ರಿಂಗ್ ಕೊಟ್ಟು ಕರೆಯನ್ನು ಕಡಿದುಬಿಡುವುದು ಇನ್ನೊಂದು. ಎರಡನೆಯದನ್ನು ಈ ವ್ಯವಹಾರದಲ್ಲಿರುವವರು ಫ್ಲ್ಯಾಶ್ ಕಾಲ್ ಎನ್ನುತ್ತಾರೆ. ಎರಡರಲ್ಲಿಯೂ ಮಾತಿಲ್ಲ, ಬರಹವಿಲ್ಲ. ಕರೆದವರ ಸಂಖ್ಯೆಯೊಂದೇ ಸಾಕ್ಷಿ. ಈ ವಿಧಾನದ ಅನುಕೂಲಗಳೂ ದೌರ್ಬಲ್ಯಗಳೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ.

ಕರೆನ್ಸಿ ಹಾಕಿಸಿಕೊಂಡು ಮಾತನಾಡುತ್ತಿದ್ದ ದಿನಗಳಲ್ಲಿ, ಮಾತಿನ ಒಂದೊಂದು ನಿಮಿಷಕ್ಕೂ ಹಣ ಕಳೆಯುತ್ತಿದ್ದಾಗ, ಎತ್ತದ ಕರೆಗೆ ಮಾತ್ರ ಏನೂ ಕಳೆಯುವುದಿಲ್ಲವೆಂಬುದನ್ನು ನಮ್ಮ ಜನ ಬಹು ಬೇಗ ಕಂಡುಕೊಂಡರು. ಬಸ್ಸಿನಿಂದ ಇಳಿದ ಕೂಡಲೆ ಒಂದು ರಿಂಗ್, ಮನೆಯ ಬಾಗಿಲಿಗೆ ಬಂದಾಗ ಇನ್ನೊಂದು ರಿಂಗ್ ಎಂದು ಮನೆಮನೆಯಲ್ಲಿ ಸಂಕೇತಗಳು ಏರ್ಪಟ್ಟವು. ಈ ಲೋಕಾಭ್ಯಾಸವನ್ನೇ ಬಂಡವಾಳವಾಗಿ ಮಾಡಿಕೊಂಡು 2010ರಲ್ಲಿ ಬೆಂಗಳೂರಿನಲ್ಲಿ ಜಿಪ್‌ಡಯಲ್ ಎಂಬ ಸಂಸ್ಥೆ ಹುಟ್ಟಿತು. ಜಾಹೀರಾತಿನಲ್ಲಿ ಅಚ್ಚಾದ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟವರಿಗೆ ಮರಳಿ ಸಂದೇಶ ಕಳುಹಿಸುವುದು ಅದರ ಮುಖ್ಯ ವ್ಯವಹಾರವಾಗಿತ್ತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಭವಿಷ್ಯನಿಧಿಯ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ತಿಳಿಯಲು ಕಾರ್ಮಿಕನು ನೋಂದಾಯಿತ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಡುವ ಏರ್ಪಾಡು ಇಂದಿಗೂ ಇದೆ. ಎರಡು ರಿಂಗ್ ಆದ ಮೇಲೆ ಆ ಕರೆ ತಾನಾಗಿಯೇ ಕಡಿದುಹೋಗುತ್ತದೆ. ಬ್ಯಾಂಕಿನ ಬಾಕಿ ತಿಳಿಯುವುದಕ್ಕೂ ಗ್ಯಾಸ್ ಸಿಲಿಂಡರ್ ಕಾದಿರಿಸುವುದಕ್ಕೂ ಇದೇ ದಾರಿಯುಂಟು. ಅಪರಿಚಿತ ಸಂಖ್ಯೆಯೊಂದಕ್ಕೆ ರಿಂಗ್ ಕೊಡುವುದು ನಮ್ಮವರಿಗೆ ನಿರಪಾಯದ ಕೆಲಸವೆಂದು ಹೀಗೆ ರೂಢಿಯಾಯಿತು. ಈ ರೂಢಿಯ ಮಾತು ಮುಂದೆ ಮತ್ತೆ ಬರಲಿದೆ.

ಎತ್ತದ ಕರೆಗೆ ಶುಲ್ಕವಿಲ್ಲದಿರುವುದರ ಕಾರಣವನ್ನು ತಿಳಿದರೆ ಉಳಿದುದು ಸುಲಭವಾಗಿ ತಿಳಿಯುತ್ತದೆ. ದೂರವಾಣಿ ಜಾಲದಲ್ಲಿ ಮಾತು ಹರಿಯುವುದಕ್ಕೆ ಮೊದಲು, ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬ ಒಂದು ವಿಜ್ಞಾಪನೆ ಜಾಲದಿಂದ ಜಾಲಕ್ಕೆ ಸಾಗುತ್ತದೆ. ಕರೆದವರ ಸಂಖ್ಯೆಯೂ ಆ ಮೊದಲ ವಿಜ್ಞಾಪನೆಯಲ್ಲಿಯೇ ಇರುತ್ತದೆ. ಆಚೆಯ ಫೋನು ರಿಂಗಾಗುತ್ತಿದೆ ಎಂಬ ಸುದ್ದಿ ಹಿಂದಿರುಗಿ ಬರುತ್ತದೆ. ಆ ಬಳಿಕ ಫೋನನ್ನು ಎತ್ತಿದರೆ ಮಾತ್ರ ಉತ್ತರವಾಯಿತೆಂಬ ಸೂಚನೆ ಹೊರಟು, ಅಲ್ಲಿಂದ ಶುಲ್ಕದ ಗಡಿಯಾರ ಓಡತೊಡಗುತ್ತದೆ. ಒಂದು ಜಾಲವು ಇನ್ನೊಂದಕ್ಕೆ ಕೊಡಬೇಕಾಗಿದ್ದ ಸಂಪರ್ಕಶುಲ್ಕವೂ, 2021ರ ಜನವರಿ 1ರಂದು ಅದು ಭಾರತದಲ್ಲಿ ಸೊನ್ನೆಯಾಗುವವರೆಗೆ, ಎತ್ತಿದ ಕರೆಯ ನಿಮಿಷಗಳಿಗೆ ಮಾತ್ರ ತಗಲುತ್ತಿತ್ತು. ಫ್ಲ್ಯಾಶ್ ಕಾಲ್ ಮಾಡುವ ಯಂತ್ರದ ದಿನಚರಿಯಲ್ಲಿ ಒಂದು ಕರೆಯ ಆಯುಸ್ಸೆಲ್ಲ ಇಷ್ಟೇ ಸಾಲುಗಳಾಗಿ ಕಾಣಿಸುತ್ತದೆ:

```
INVITE
100 Trying
180 Ringing
CANCEL
200 OK
487 Request Terminated
ACK
```

ಮೂರನೆಯ ಸಾಲು ಬಂದೊಡನೆ ಯಂತ್ರವು ನಾಲ್ಕನೆಯದನ್ನು ಕಳುಹಿಸಿ ಕರೆಯನ್ನು ಹಿಂದಕ್ಕೆ ಪಡೆಯುತ್ತದೆ. ಆರನೆಯ ಸಾಲು ಆ ಕರೆ ಎತ್ತಲ್ಪಡದೆಯೇ ಮುಗಿಯಿತೆಂಬುದರ ದಾಖಲೆ. ಆದರೂ ಅಷ್ಟರೊಳಗೆ ಕರೆದ ಸಂಖ್ಯೆ ಬಳಕೆದಾರನ ಫೋನಿನ ಪರದೆಯ ಮೇಲೆ ಮೂಡಿ, ಕರೆಪಟ್ಟಿಯಲ್ಲಿ ದಾಖಲಾಗಿರುತ್ತದೆ. ಹೇಳಬೇಕಾದುದೆಲ್ಲವನ್ನೂ ಲಕೋಟೆಯ ಮೇಲೆಯೇ ಬರೆದು, ಒಳಗೆ ಏನೂ ಇಡದೆ ಕಳುಹಿಸಿದ ಕಾಗದಕ್ಕೆ ಇದನ್ನು ಹೋಲಿಸಬಹುದು.

ಫ್ಲ್ಯಾಶ್ ಕಾಲ್‌ನ ನಡೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಹುಬ್ಬಳ್ಳಿಯ ಮಹಿಳೆಯೊಬ್ಬಳು ದಿನಸಿ ತರಿಸುವ ಆ್ಯಪ್ ತೆರೆದು ತನ್ನ ಹತ್ತು ಅಂಕಿಯ ಸಂಖ್ಯೆಯನ್ನು ಒತ್ತುತ್ತಾಳೆ. ಸರ್ವರ್ ತನ್ನ ಬಳಿಯಿರುವ ಸಂಖ್ಯೆಗಳ ಸಂಗ್ರಹದಿಂದ ಒಂದನ್ನು ಆರಿಸಿ, ಅದು ಇಂಥ ನೋಂದಣಿಗೆ ಸೇರಿದ್ದೆಂದು ಗುರುತು ಹಾಕಿಟ್ಟು, ಆಕೆಗೆ ಕರೆ ಕಳುಹಿಸುತ್ತದೆ. ಫೋನು ಒಮ್ಮೆ ರಿಂಗಾಗಿ ಸುಮ್ಮನಾಗುತ್ತದೆ. ಪರದೆಯ ಮೇಲೆ 4827 ಎಂದು ಕೊನೆಗೊಳ್ಳುವ ಸಂಖ್ಯೆಯೊಂದು ಉಳಿಯುತ್ತದೆ. ಆ ಕೊನೆಯ ನಾಲ್ಕು ಅಂಕಿಗಳೇ ಗುಪ್ತಸಂಖ್ಯೆ. ಆಂಡ್ರಾಯ್ಡ್ ಫೋನಿನಲ್ಲಿ ಕರೆಪಟ್ಟಿಯನ್ನು ಓದುವ ಅನುಮತಿಯಿದ್ದರೆ ಆ್ಯಪ್ ಅದನ್ನು ತಾನೇ ಓದಿಕೊಳ್ಳುತ್ತದೆ. 2018ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯಿಂದ ಮುಂದೆ, `READ_PHONE_STATE` ಎಂಬ ಅನುಮತಿಯ ಜೊತೆಗೆ `READ_CALL_LOG` ಎಂಬುದೂ ಇಲ್ಲದಿದ್ದರೆ, ಬಂದ ಕರೆಯ ಸಂಖ್ಯೆಯನ್ನು ಆ ವ್ಯವಸ್ಥೆ ಆ್ಯಪ್‌ಗೆ ತಿಳಿಸುವುದಿಲ್ಲ. ಐಫೋನಿನಲ್ಲಿ ಕರೆಪಟ್ಟಿ ಆ್ಯಪ್‌ಗಳಿಗೆ ಸರ್ವಥಾ ಮುಚ್ಚಿದ ಕೋಣೆಯಾದುದರಿಂದ ಬಳಕೆದಾರರೇ ಅಂಕಿಗಳನ್ನು ನೋಡಿ ಒತ್ತಬೇಕು. ನಾಲ್ಕು ಅಂಕಿ ಓದುವುದಕ್ಕಾಗಿ, ಆಕೆ ಯಾರೊಡನೆ ಎಷ್ಟು ಹೊತ್ತು ಮಾತನಾಡಿದಳೆಂಬ ಚರಿತ್ರೆಯನ್ನೆಲ್ಲ ಒಂದು ದಿನಸಿ ಅಂಗಡಿಗೆ ತೆರೆದಿಡುವುದು ನನ್ನ ಅಭಿಪ್ರಾಯದಲ್ಲಿ ಅತಿಯಾದ ಬೆಲೆ. ಕೈಯಿಂದ ಒತ್ತುವುದೇ ಮೇಲು.

ಬಳಕೆದಾರನೇ ಕರೆಯುವ ಪ್ರಭೇದ ಇದಕ್ಕಿಂತ ಸರಳ. ಆ್ಯಪ್ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಬಳಕೆದಾರ ಅದಕ್ಕೆ ರಿಂಗ್ ಕೊಡುತ್ತಾನೆ. ಸರ್ವರ್ ಕರೆಯನ್ನು ತಿರಸ್ಕರಿಸಿ, ಯಾವ ಸಂಖ್ಯೆಯಿಂದ ಬಂತೆಂಬುದನ್ನು ಮಾತ್ರ ಗುರುತಿಸಿಕೊಂಡು, ನೋಂದಣಿಯಲ್ಲಿ ಬರೆದ ಸಂಖ್ಯೆಯೊಡನೆ ತಾಳೆ ನೋಡುತ್ತದೆ. ಇದರಲ್ಲಿ ಯಾವ ಅಂಕಿಯನ್ನೂ ಓದಬೇಕಾಗಿಲ್ಲ, ಒತ್ತಬೇಕಾಗಿಲ್ಲ. ಅಕ್ಷರಾಭ್ಯಾಸವಿಲ್ಲದವರಿಗೆ ಇದು ದೊಡ್ಡ ಉಪಕಾರವೆಂಬುದನ್ನು ಒಪ್ಪಲೇಬೇಕು.

ಸಂಸ್ಥೆಗಳು ಈ ದಾರಿ ಹಿಡಿಯುವುದಕ್ಕೆ ಮುಖ್ಯ ಕಾರಣ ಹಣ. ಪ್ರತಿಯೊಂದು ಎಸ್ಸೆಮ್ಮೆಸ್ಸಿಗೂ ದರವಿದೆ; ವಿದೇಶದ ಸಂಖ್ಯೆಗಾದರೆ ಅದು ಅನೇಕ ಪಟ್ಟು ಏರುತ್ತದೆ. ಭಾರತದಲ್ಲಿ 2018ರ ನಿಯಮಾವಳಿಯ ಪ್ರಕಾರ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ಎತ್ತದ ಕರೆಗೆ ಈ ಯಾವ ಹೊರೆಯೂ ಇರಲಿಲ್ಲ. ದೂರವಾಣಿ ಕಂಪನಿಗಳಿಗೆ ಇದು ಸಹಜವಾಗಿಯೇ ಹಿಡಿಸಲಿಲ್ಲ: ತಮ್ಮ ಜಾಲವನ್ನು ಬಳಸಿಕೊಂಡು ತಮಗೆ ಕಾಸೂ ಕೊಡದೆ ಹೋಗುವ ಕರೆಗಳಿವೆಂದು ಬಗೆದು, ಅನೇಕ ದೇಶಗಳ ಜಾಲಗಳು ಇಂಥ ಕ್ಷಣಿಕ ಕರೆಗಳನ್ನು ಹುಡುಕಿ ತಡೆಯುವ ಸಾಧನಗಳನ್ನು ಇರಿಸಿಕೊಂಡಿವೆ. ನೋಂದಣಿ ಕಾರಣ ತಿಳಿಯದೆ ವಿಫಲವಾಗುವಲ್ಲಿ ಈ ತಡೆಯೂ ಒಂದು ಕಾರಣವಾಗಿರಬಹುದು.

ಇನ್ನು ದೌರ್ಬಲ್ಯಗಳ ವಿಚಾರ. ಫ್ಲ್ಯಾಶ್ ಕಾಲ್‌ನ ಅತಿ ಮುಖ್ಯವಾದ ದೋಷ ಅದರ ಗಣಿತದಲ್ಲಿದೆ. ಮೇಲುನೋಟಕ್ಕೆ ಅದು ಕಾಣುವುದಿಲ್ಲ. ಆರು ಅಂಕಿಯ ಒಟಿಪಿಯನ್ನು ಯಂತ್ರವು ಯಾದೃಚ್ಛಿಕವಾಗಿ ಹುಟ್ಟಿಸುವುದರಿಂದ ಅದು ಹತ್ತು ಲಕ್ಷ ಸಾಧ್ಯತೆಗಳಲ್ಲಿ ಒಂದು. ಫ್ಲ್ಯಾಶ್ ಕಾಲ್‌ನ ನಾಲ್ಕು ಅಂಕಿ ಹತ್ತು ಸಾವಿರ ಸಾಧ್ಯತೆಗಳಲ್ಲಿ ಒಂದೆಂದು ತೋರುತ್ತದೆಯಾದರೂ ಅದು ಹಾಗಿಲ್ಲ, ಏಕೆಂದರೆ ಯಂತ್ರವು ತನಗಿಷ್ಟ ಬಂದ ಸಂಖ್ಯೆಯಿಂದ ಕರೆಯಲಾರದು. ಸಂಸ್ಥೆ ಬಾಡಿಗೆಗೆ ಪಡೆದ ಸಂಖ್ಯೆಗಳಿಂದ ಮಾತ್ರ ಕರೆಯಬಲ್ಲದು. ಅಂಥವು ಇನ್ನೂರು ಇದ್ದರೆ ಗುಪ್ತಸಂಖ್ಯೆಯೂ ಇನ್ನೂರರಲ್ಲಿ ಒಂದೇ. ಆ ಇನ್ನೂರು ಯಾವುವೆಂದು ತಿಳಿಯಲು ವಂಚಕನು ಯಾರನ್ನೂ ಕೇಳಬೇಕಾಗಿಲ್ಲ. ತನ್ನದೇ ಸಿಮ್‌ನಿಂದ ಮತ್ತೆ ಮತ್ತೆ ನೋಂದಣಿಗೆ ತೊಡಗಿ, ಬರುವ ಕರೆಗಳನ್ನು ಬರೆದಿಟ್ಟುಕೊಂಡರೆ ಸಾಕು. ಸಂಖ್ಯೆಗಳು ಸಮಾನವಾಗಿ ಬಳಕೆಯಾಗುವುವೆಂದು ಎಣಿಸಿದರೆ, ಇನ್ನೂರು ಕರೆಗಳಾಗುವಷ್ಟರಲ್ಲಿ ಸರಾಸರಿ 127 ಸಂಖ್ಯೆಗಳೂ, ಆರುನೂರು ಕರೆಗಳಾಗುವಷ್ಟರಲ್ಲಿ ಸುಮಾರು 190 ಸಂಖ್ಯೆಗಳೂ ಅವನ ಪಟ್ಟಿಗೆ ಸೇರಿರುತ್ತವೆ. ಕಚೇರಿಗಳಿಗೆ ಒದಗಿಸುವ ಸಂಖ್ಯೆಗಳು ಬಹುಮಟ್ಟಿಗೆ ನೂರು ನೂರರ ಅಖಂಡ ಸಾಲುಗಳಾಗಿ ಬರುವುದರಿಂದ ಅಷ್ಟು ಶ್ರಮವೂ ಬೇಡ: 4827, 4861, 4803 ಎಂಬ ಮೂರು ಕರೆಗಳನ್ನು ಕಂಡವನು 4800ರಿಂದ 4899ರವರೆಗಿನ ಸಾಲನ್ನು ಊಹಿಸಿಯೇಬಿಡುತ್ತಾನೆ.

ಈಗ ಪಟ್ಟಿ ಕೈಗೆ ಬಂದವನು ಪರರ ಸಂಖ್ಯೆಯನ್ನು ಬರೆದು ನೋಂದಣಿಗೆ ತೊಡಗುತ್ತಾನೆಂದು ಇಟ್ಟುಕೊಳ್ಳಿ. ಸರ್ವರ್ ಮೂರು ಬಾರಿ ಪ್ರಯತ್ನಿಸಲು ಅವಕಾಶ ಕೊಟ್ಟರೆ, ಒಂದು ಸರದಿಯಲ್ಲಿ ಅವನು ಗೆಲ್ಲುವ ಸಂಭವ ಇನ್ನೂರರಲ್ಲಿ ಮೂರು, ಎಂದರೆ ನೂರಕ್ಕೆ ಒಂದೂವರೆ. ನೂರು ಬೇರೆ ಬೇರೆ ಜನರ ಸಂಖ್ಯೆಗಳ ಮೇಲೆ ಒಂದೊಂದೇ ಸರದಿ ನಡೆಸಿದರೆ, ಒಂದಾದರೂ ಅವನ ವಶವಾಗುವ ಸಂಭವ

```
1 - (1 - 3/200)^100 ≈ 0.78
```

ಎಂದಾಗುತ್ತದೆ. ನಾಲ್ಕರಲ್ಲಿ ಮೂರು ಪಾಲಿಗಿಂತಲೂ ಇದು ಹೆಚ್ಚು. ಆರು ಅಂಕಿಯ ಒಟಿಪಿಯ ಮೇಲೆ ಇದೇ ಪ್ರಯತ್ನ ನಡೆಸಿದರೆ ಸಂಭವ ಹತ್ತು ಸಾವಿರಕ್ಕೆ ಮೂರು ಮಾತ್ರ. ಒಂದು ಸಂಖ್ಯೆಗೆ ದಿನಕ್ಕೆ ಇಷ್ಟೇ ಬಾರಿ ಎಂಬ ಕಟ್ಟು ಇಲ್ಲಿ ಸಾಲದೆಂಬುದನ್ನೂ ಗಮನಿಸಬೇಕು. ವಂಚಕನು ಯಾವ ಸಂಖ್ಯೆಯನ್ನೂ ಎರಡನೆಯ ಬಾರಿ ಮುಟ್ಟಿಲ್ಲ. ಅವನ ಹೆಜ್ಜೆ ಕಾಣಬೇಕಾದರೆ ಇಡೀ ವ್ಯವಸ್ಥೆಯಲ್ಲಿ ತಪ್ಪು ಉತ್ತರಗಳ ಪ್ರಮಾಣವನ್ನು ನೋಡುತ್ತಿರಬೇಕು. ಪ್ರಾಮಾಣಿಕರು ತಪ್ಪಿದಾಗ ಒಂದು ಅಂಕಿಯನ್ನು ಅದಲುಬದಲು ಒತ್ತಿರುತ್ತಾರೆ. ವಂಚಕನ ತಪ್ಪು ಉತ್ತರವಾದರೋ ಸಂಗ್ರಹದಲ್ಲಿರುವ ಇನ್ನೊಂದು ನಿಜವಾದ ಸಂಖ್ಯೆಯ ಕೊನೆಯೇ ಆಗಿರುತ್ತದೆ. ಆಕ್ರಮಣವನ್ನು ಗುರುತಿಸಲು ಇದಕ್ಕಿಂತ ಸ್ಪಷ್ಟವಾದ ಕುರುಹು ದುರ್ಲಭ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಮಾದವುಂಟು. ಬಂದ ಕರೆ ತನ್ನದೇ ಎಂದು ಆ್ಯಪ್ ಗುರುತಿಸಬೇಕೆಂಬ ಉದ್ದೇಶದಿಂದ, ಯಾವ ಸಂಖ್ಯೆಯಿಂದ ಕರೆ ಬರಲಿದೆಯೆಂಬುದನ್ನು ಸರ್ವರ್ ಮುಂಚೆಯೇ ಪೂರ್ತಿಯಾಗಿ ತಿಳಿಸಿಬಿಟ್ಟರೆ, ಜಾಲಸಂಚಾರವನ್ನು ತೆರೆದು ನೋಡಬಲ್ಲವನಿಗೆ ಕರೆಯ ಅಗತ್ಯವೇ ಉಳಿಯುವುದಿಲ್ಲ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಉತ್ತರವನ್ನು ಅಚ್ಚುಹಾಕಿದಂತಾಯಿತು. ಟೆಲಿಗ್ರಾಂನ ಪ್ರಕಟಿತ ನಿಯಮಾವಳಿಯಲ್ಲಿ `auth.sentCodeTypeMissedCall` ಎಂಬ ಪ್ರಕಾರಕ್ಕೆ `prefix`, `length` ಎಂಬ ಎರಡೇ ಅಂಶಗಳಿವೆ: ಸಂಖ್ಯೆಯ ಆರಂಭ ಹೇಗಿರುತ್ತದೆ, ಕೊನೆಯ ಎಷ್ಟು ಅಂಕಿಗಳನ್ನು ಬಳಕೆದಾರ ಒತ್ತಬೇಕು ಎಂಬಿಷ್ಟನ್ನೇ ತಿಳಿಸಿ, ಉಳಿದುದನ್ನು ಸರ್ವರ್ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಸರಿಯಾದ ಕ್ರಮ ಇದೇ.

ಬಳಕೆದಾರನೇ ಕರೆಯುವ ಪ್ರಭೇದದಲ್ಲಿ ಊಹಿಸುವುದಕ್ಕೆ ಏನೂ ಇಲ್ಲವಾದುದರಿಂದ ಈ ಗಣಿತದೋಷ ಅದಕ್ಕೆ ತಗಲುವುದಿಲ್ಲ. ಅಲ್ಲಿಯ ದೋಷ ಬೇರೆ ಬಗೆಯದು, ನನಗೆ ಹೆಚ್ಚು ಕಳವಳಕಾರಿಯಾಗಿ ಕಾಣುವಂಥದು. ವಂಚಕನು ತನ್ನ ಫೋನಿನಲ್ಲಿ ನೋಂದಣಿಯನ್ನು ಆರಂಭಿಸಿ, ಮಂಡ್ಯದ ರೈತನೊಬ್ಬನ ಸಂಖ್ಯೆಯನ್ನು ಬರೆಯುತ್ತಾನೆ. ಆ್ಯಪ್, ಇಂಥ ಸಂಖ್ಯೆಗೆ ಎರಡು ನಿಮಿಷದೊಳಗೆ ಮಿಸ್ಡ್ ಕಾಲ್ ಕೊಡಿ, ಎನ್ನುತ್ತದೆ. ವಂಚಕನು ಕೂಡಲೆ ರೈತನಿಗೆ ಫೋನು ಮಾಡಿ, ಸಬ್ಸಿಡಿಯ ಕಚೇರಿಯವನೆಂದು ಹೇಳಿಕೊಂಡು, "ಅಣ್ಣಾ, ನಿಮ್ಮ ಹೆಸರು ಪಟ್ಟೀಲಿ ಬಂದಿದೆ. ಈ ನಂಬರಿಗೆ ಒಂದು ಮಿಸ್ ಕಾಲ್ ಕೊಟ್ಟುಬಿಡಿ, ದುಡ್ಡೇನೂ ಹೋಗಲ್ಲ" ಎನ್ನುತ್ತಾನೆ. ದುಡ್ಡು ಹೋಗುವುದಿಲ್ಲವೆಂಬುದು ರೈತನಿಗೆ ತಿಳಿದ ವಿಷಯವೇ. ಭವಿಷ್ಯನಿಧಿಗೂ ಗ್ಯಾಸಿಗೂ ಬ್ಯಾಂಕಿಗೂ ಹಾಗೆಯೇ ರಿಂಗ್ ಕೊಟ್ಟು ಅಭ್ಯಾಸವಾದವನು. ಅವನು ರಿಂಗ್ ಕೊಡುತ್ತಾನೆ. ನಿಜವಾದ ಸಿಮ್, ನಿಜವಾದ ಸಂಖ್ಯೆ, ನಿಗದಿಯಾದ ಅವಧಿಯೊಳಗೆ ಬಂದ ಕರೆ. ಸರ್ವರ್ ತಪ್ಪೆನ್ನುವುದಕ್ಕೆ ಒಂದು ಎಳೆಯೂ ಇಲ್ಲ. ವಂಚಕನ ಫೋನಿನಲ್ಲಿ ರೈತನ ಹೆಸರಿನ ಖಾತೆ ತೆರೆದುಕೊಳ್ಳುತ್ತದೆ.

ಒಟಿಪಿಯ ಸಂದೇಶದಿಂದಲೂ ಜನ ಮೋಸಹೋಗುತ್ತಾರೆ, ಸತ್ಯ. ಆದರೆ ಆ ಸಂದೇಶದಲ್ಲಿ ಯಾವ ಸಂಸ್ಥೆ, ಯಾವ ಕಾರ್ಯಕ್ಕೆ, ಯಾರಿಗೂ ಹೇಳಬೇಡಿ ಎಂಬ ಮಾತುಗಳಾದರೂ ಇರುತ್ತವೆ. ಓದಬಲ್ಲವನಿಗೆ, ಅಥವಾ ಮಗ್ಗುಲಲ್ಲಿ ಓದಿ ಹೇಳುವ ಮೊಮ್ಮಗಳಿದ್ದವನಿಗೆ, ನಿಂತು ಯೋಚಿಸಲು ಒಂದು ಎಡೆ ಸಿಕ್ಕುತ್ತದೆ. ಮಿಸ್ಡ್ ಕಾಲ್ ಮೂಕ. ತಾನು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆಂದು ಕೊಡುವವನಿಗೆ ಅದು ತಿಳಿಸಲಾರದು. ಪ್ರತಿ ನೋಂದಣಿಗೂ ಬೇರೆ ಸಂಖ್ಯೆ ತೋರಿಸಿದರೂ ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸಿದರೂ ಈ ಮೋಸ ಕಷ್ಟವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ವಂಚಕನು ಆ ಹೊತ್ತಿನಲ್ಲಿ ಫೋನಿನ ಇನ್ನೊಂದು ತುದಿಯಲ್ಲಿಯೇ ಇದ್ದಾನೆ. ಎಲ್ಲ ನೋಂದಣಿಗಳಿಗೂ ಒಂದೇ ಸಂಖ್ಯೆಯನ್ನು ಇಟ್ಟುಕೊಂಡಿರುವ ಕಡೆಯಲ್ಲಂತೂ, ಸ್ವಂತ ಕೆಲಸಕ್ಕೆಂದು ರಿಂಗ್ ಕೊಟ್ಟವನ ಕರೆಯನ್ನು ಬೇರೊಬ್ಬನು ಕಾದಿದ್ದು ಬಳಸಿಕೊಳ್ಳುವುದೂ ಶಕ್ಯ.

ಇದೇ ಪ್ರಭೇದಕ್ಕೆ ತಗಲುವ ಮತ್ತೊಂದು ಕುಂದೆಂದರೆ, ಕರೆದವರ ಸಂಖ್ಯೆ ಎಂಬುದು ಹೊರಡುವ ಜಾಲ ಹೇಳಿದ ಮಾತು. ಮುಂದಿನ ಜಾಲಗಳು ಅದನ್ನು ನಂಬಿ ದಾಟಿಸುತ್ತವೆ. ಅಂತರ್ಜಾಲದ ಮೂಲಕ ಕರೆ ಹೊರಡಿಸುವ ಕೆಲವು ಮಾರ್ಗಗಳಲ್ಲಿ ಕರೆಯುವವನು ತನಗೆ ಬೇಕಾದ ಸಂಖ್ಯೆಯನ್ನು ತನ್ನದೆಂದು ಬರೆಯಬಲ್ಲನು, ಆಗ ರೈತನ ಸಹಾಯವೂ ವಂಚಕನಿಗೆ ಬೇಕಿಲ್ಲ. ಅಮೆರಿಕದಲ್ಲಿ 2021ರ ಜೂನ್ 30ರಿಂದ ದೊಡ್ಡ ಕಂಪನಿಗಳು ತಮ್ಮ ಅಂತರ್ಜಾಲಾಧಾರಿತ ಜಾಲದಿಂದ ಹೊರಡುವ ಸಂಖ್ಯೆಗೆ ಗಣಿತಮುದ್ರೆಯೊತ್ತಿ ಕಳುಹಿಸುವುದು ಕಡ್ಡಾಯವಾಯಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ, ಹೊರದೇಶದಿಂದ ಹೊರಟು +91ರ ವೇಷ ಹಾಕಿಕೊಂಡು ಬರುವ ಕರೆಗಳನ್ನು ಗಡಿಯಲ್ಲಿಯೇ ತಡೆಯುವ ವ್ಯವಸ್ಥೆಯನ್ನು ಆರಂಭಿಸಿತು. ಫ್ಲ್ಯಾಶ್ ಕಾಲ್‌ಗೆ ಈ ವೇಷದ ಭಯವಿಲ್ಲ. ಅಲ್ಲಿ ಕರೆ ನಿಜವಾದ ಸಂಖ್ಯೆಯನ್ನು ಹುಡುಕಿಕೊಂಡು ಹೋಗಬೇಕು, ವೇಷಧಾರಿಯ ಕೈಗೆ ಅದು ತಲಪುವುದಿಲ್ಲ.

ಆದರೆ ಹುಡುಕಿಕೊಂಡು ಹೋದ ಕರೆಯನ್ನು ದಾರಿಯಲ್ಲಿ ತಿರುಗಿಸಬಹುದು. ಕರೆಯನ್ನು ಬೇರೆ ಸಂಖ್ಯೆಗೆ ವರ್ಗಾಯಿಸುವ ಸೌಕರ್ಯ ಹಳೆಯದು. ನಕ್ಷತ್ರಚಿಹ್ನೆಯಿಂದ ಆರಂಭವಾಗುವ ಒಂದು ಸಂಕೇತದ ನಡುವೆ ಹತ್ತು ಅಂಕಿಗಳನ್ನು ಸೇರಿಸಿ ಒತ್ತಿದರೆ ಅದು ಜಾರಿಗೆ ಬರುತ್ತಿತ್ತು. ಆ ಸಂಕೇತವನ್ನು ಯಾವುದೋ ನೆಪದಿಂದ ಒತ್ತಿಸಿಕೊಂಡ ವಂಚಕನ ಫೋನಿಗೆ ದೃಢೀಕರಣದ ಕರೆ ಹೋಗಿ ಸೇರುತ್ತಿತ್ತು. ವರ್ಗವಾದ ಕರೆಯಲ್ಲಿ ಸಾಮಾನ್ಯವಾಗಿ ಮೂಲದಲ್ಲಿ ಕರೆದವರ ಸಂಖ್ಯೆಯೇ ಕಾಣುವುದರಿಂದ ಕೊನೆಯ ನಾಲ್ಕು ಅಂಕಿ ಅವನಿಗೆ ಅನಾಯಾಸವಾಗಿ ದೊರೆಯುತ್ತಿದ್ದವು. 2022ರಲ್ಲಿ ವಾಟ್ಸ್‌ಆ್ಯಪ್ ಖಾತೆಗಳನ್ನು ಹೀಗೆ ಕಸಿದುಕೊಳ್ಳುವ ಕ್ರಮ ಬೆಳಕಿಗೆ ಬಂದಿತು. ಅಲ್ಲಿ ವಂಚಕರು ವರ್ಗಾಯಿಸಿಕೊಂಡುದು ಗುಪ್ತಸಂಖ್ಯೆಯನ್ನು ಮಾತಿನಲ್ಲಿ ಹೇಳುವ ಕರೆಯನ್ನು, ಆದರೆ ದಾರಿ ಒಂದೇ. ಸಂಕೇತ ಒತ್ತಿ ವರ್ಗಾಯಿಸುವ ಈ ಸೌಕರ್ಯವನ್ನು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಆಜ್ಞಾಪಿಸಿತು. ಎಸ್ಸೆಮ್ಮೆಸ್ ಈ ರೀತಿ ವರ್ಗವಾಗುವುದಿಲ್ಲವೆಂಬುದು ಸ್ಮರಣೀಯ.

ವಂಚನೆಯ ಸೋಂಕಿಲ್ಲದ ವೈಫಲ್ಯಗಳೂ ಹಲವು. ಎರಡು ಸಿಮ್ ಇರುವ ಫೋನಿನಲ್ಲಿ ಬಳಕೆದಾರ ಒಂದರ ಸಂಖ್ಯೆ ಬರೆದು ಇನ್ನೊಂದರಿಂದ ರಿಂಗ್ ಕೊಡುತ್ತಾನೆ. ಸರ್ವರ್‌ನ ದಿನಚರಿಯಲ್ಲಿ ಇದು, ನೋಂದಣಿಯಿಲ್ಲದ ಸಂಖ್ಯೆಯಿಂದ ಬಂದ ಕರೆ ಹಾಗೂ ಕರೆಯಿಲ್ಲದೆ ಅವಧಿ ಮೀರಿದ ನೋಂದಣಿ ಎಂಬ ಜೋಡಿಯಾಗಿ ಒಂದೇ ನಿಮಿಷದಲ್ಲಿ ಕಾಣುತ್ತದೆ. ದೇಶಾಂತರದ ಮಾರ್ಗದಲ್ಲಿ ನಡುವಣ ಜಾಲವು ಕರೆದ ಸಂಖ್ಯೆಯನ್ನು ಬದಲಿಸಿದರೆ ಫ್ಲ್ಯಾಶ್ ಕಾಲ್‌ನ ಗುಪ್ತಸಂಖ್ಯೆಯೇ ಬದಲಾದಂತೆ. ಅಬುಧಾಬಿಯ ಕನ್ನಡಿಗನು ತನಗೆ ಬಂದ ಅಂಕಿಗಳನ್ನೇ ಸರಿಯಾಗಿ ಒತ್ತಿ ತಪ್ಪೆನ್ನಿಸಿಕೊಳ್ಳುತ್ತಾನೆ. ಯಂತ್ರವು ತೀರ ಬೇಗ ಕಡಿದರೆ ಕರೆ ಪಟ್ಟಿಗೆ ಏರುವುದಿಲ್ಲ, ತಡಮಾಡಿದರೆ ಯಾರಾದರೂ ಎತ್ತಿಬಿಡುತ್ತಾರೆ. ಒಂದೇ ಸಂಖ್ಯೆಯಿಂದ ಸಾವಿರಾರು ಕ್ಷಣಿಕ ಕರೆಗಳು ಹೊರಡುವುದು ಕಿರುಕುಳದ ಕರೆಗಾರರ ಲಕ್ಷಣವೂ ಆದುದರಿಂದ, ಸ್ಪ್ಯಾಮ್ ತಡೆಯುವ ಆ್ಯಪ್‌ಗಳು ಅದನ್ನು ರಿಂಗಾಗುವ ಮೊದಲೇ ನುಂಗಿಬಿಡುವುದುಂಟು. ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವಂಥದು, ನನ್ನ ನೆರೆಮನೆಯ ವೃದ್ಧೆ ಒಂದು ಸಂಜೆ ಮಾಡಿದ ಕೆಲಸ. ಅವರ ಮೊಮ್ಮಗ ಏನನ್ನೋ ನೋಂದಾಯಿಸಲು ಅಜ್ಜಿಯ ಸಂಖ್ಯೆ ಬರೆದಿದ್ದನಂತೆ. ಯಾರದೋ ಕರೆ ತಪ್ಪಿಹೋಯಿತಲ್ಲ, ಊರಿನಲ್ಲಿ ಯಾರಿಗೆ ಏನಾಯಿತೋ ಎಂದು ಆತಂಕಗೊಂಡು ಅವರು ಆ ಸಂಖ್ಯೆಗೆ ನಾಲ್ಕೈದು ಬಾರಿ ತಿರುಗಿ ಫೋನು ಮಾಡಿ, "ಯಾರಪ್ಪಾ ಮಾಡಿದ್ದು?" ಎಂದು ಕೇಳಲು ಕಾದು ಕುಳಿತಿದ್ದರು. ಆಚೆಯಲ್ಲಿ ಎತ್ತುವವರೇ ಇರಲಿಲ್ಲ. ಅಂಥ ಸಂಖ್ಯೆಗೆ ಮರಳಿ ಕರೆದವರಿಗೆ, ಇದು ಇಂಥ ಸಂಸ್ಥೆಯ ದೃಢೀಕರಣದ ಸಂಖ್ಯೆ ಎಂದು ಕನ್ನಡದಲ್ಲಿ ಒಂದು ವಾಕ್ಯ ಕೇಳಿಸುವ ಏರ್ಪಾಡನ್ನು ಮಾಡುವುದು ಕಷ್ಟದ ಕೆಲಸವೇನಲ್ಲ.

ಎಲ್ಲವೂ ಸರಿಯಾಗಿ ನಡೆದಾಗಲೂ ಮಿಸ್ಡ್ ಕಾಲ್ ಸಾಧಿಸುವುದು ಆ ಕ್ಷಣದ ಸ್ವಾಧೀನವನ್ನು ಮಾತ್ರ. ಭಾರತದಲ್ಲಿ ಕಡಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳು ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು. ಹಾಗೆ ಪಡೆದವನು ಹೊಸ ಸಿಮ್ ಹಾಕಿ, ಹಳೆಯ ಒಡೆಯನು ಬಳಸುತ್ತಿದ್ದ ಆ್ಯಪ್ ತೆರೆದು, ಯಾವ ದುರುದ್ದೇಶವೂ ಇಲ್ಲದೆ ತನ್ನದೇ ಸಂಖ್ಯೆಯಿಂದ ಒಂದು ರಿಂಗ್ ಕೊಟ್ಟರೆ, ಖಾತೆಗೆ ಬೇರೆ ಗುಪ್ತಪದದ ಕಾವಲಿಲ್ಲದಿದ್ದಲ್ಲಿ, ಹಳೆಯ ಒಡೆಯನ ಮನೆಯ ವಿಳಾಸವೂ ಅವನು ತರಿಸಿಕೊಂಡಿದ್ದ ಔಷಧಗಳ ಪಟ್ಟಿಯೂ ಹೊಸಬನ ಮುಂದೆ ತೆರೆದುಕೊಳ್ಳುತ್ತವೆ.